ಒಂದೇ ಜೇಬಿನ ಎರಡು ಗಾಡಿ

ಲಾಂಡ್ರಿಯಲ್ಲಿ ಎಲ್ಲರೂ ಅವರನ್ನು ಯಜಮಾನರೇ ಎಂದು ಕರೆಯುತ್ತಿದ್ದರು. ಆದರೆ ಯಜಮಾನಿಕೆ ಅಂತ ಅವರ ಕೈಯಲ್ಲಿ ಉಳಿದಿದ್ದದ್ದು ಒಂದೇ ಕೆಲಸ: ಗಾಡಿಯ ಟೋಲ್ ಟ್ಯಾಗಿಗೆ ದುಡ್ಡು ಹಾಕುವುದು.

ಮಿಕ್ಕ ಕೆಲಸಗಳೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗಿದ್ದವು. ಒದ್ದೆ ಚಾದರದ ಗಂಟು ಎತ್ತಲು ಸೊಂಟ ಒಪ್ಪುತ್ತಿರಲಿಲ್ಲ. ಬಟ್ಟೆ ಇಸ್ತ್ರಿ ಮಾಡುವ ಬಿಸಿ ರೋಲರಿನ ಹತ್ತಿರ ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಆಸ್ಪತ್ರೆಯವರ ಜೊತೆ ಮಾತುಕತೆ, ಗಾಡಿ ಓಡಿಸುವುದು, ಬಟ್ಟೆ ತಂದು ಮುಟ್ಟಿಸುವುದು ಎಲ್ಲವನ್ನೂ ಮಗ ನೋಡಿಕೊಳ್ಳುತ್ತಿದ್ದ. ಆ ಮಗ ಹೋದ ವರ್ಷ ಜ್ವರ ಅಂತ ಮಲಗಿದವನು ಏಳಲಿಲ್ಲ. ಹದಿನೈದು ದಿನ ಲಾಂಡ್ರಿಯ ಬಾಗಿಲು ಮುಚ್ಚಿತ್ತು. ಆಮೇಲೆ ಒಂದು ಬೆಳಿಗ್ಗೆ ಸೊಸೆ ತಲೆಗೂದಲು ಬಿಗಿಯಾಗಿ ಕಟ್ಟಿ, ಡ್ರೈವರ್ ಸೀಟಿನ ಮೇಲೆ ಒಂದು ದಿಂಬು ಹಾಕಿಕೊಂಡು ಕೂತು, "ಮಾವ, ನಾನೇ ಹೋಗಿ ಬರ್ತೀನಿ" ಅಂದಳು. ಬೇಡ ಅನ್ನಲು ಅವರಿಗೆ ಬಾಯಿ ಬರಲಿಲ್ಲ. ಬೇಡ ಅಂದರೆ ಇನ್ಯಾರು ಹೋಗಬೇಕು ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು.

ಆಸ್ಪತ್ರೆ ಹೆದ್ದಾರಿಯ ಆಚೆ. ನಡುವೆ ಒಂದು ಟೋಲ್ ಗೇಟು. ದಿನವೂ ಬೆಳಿಗ್ಗೆ ಆಪರೇಷನ್ ಶುರುವಾಗುವುದರೊಳಗೆ ಒಗೆದು, ಕುದಿಸಿ, ಮಡಿಸಿ ಕಟ್ಟಿದ ಹಸಿರು ಬಟ್ಟೆಯ ಗಂಟುಗಳು ಅಲ್ಲಿ ಮುಟ್ಟಬೇಕು. ಊರಿನ ಹೋಟೆಲುಗಳ ಬಟ್ಟೆಯಿಂದ ಲಾಂಡ್ರಿಯ ಕರೆಂಟಿನ ಖರ್ಚೂ ಹುಟ್ಟುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಆಸ್ಪತ್ರೆಯಿಂದ.

ಟ್ಯಾಗಿನ ಖಾತೆ ಯಜಮಾನರ ಹೆಸರಿನಲ್ಲಿತ್ತು. ಗಾಡಿ ಗೇಟು ದಾಟಿದಾಗಲೆಲ್ಲ ಅವರ ಫೋನಿಗೆ ಮೆಸೇಜು ಬರುತ್ತಿತ್ತು. ಅದನ್ನು ಅವರು ಓದುತ್ತಿರಲಿಲ್ಲ. ಟಿಣ್ ಅಂದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಕಣ್ಣು ಮುಚ್ಚಿ, "ದೇವರೇ, ಗಾಡೀನ ಕಾಪಾಡು, ಒಳಗಿರೋ ಜೀವಾನ ಕಾಪಾಡು" ಅಂತ ಎರಡೇ ಮಾತು ಹೇಳಿಕೊಳ್ಳುತ್ತಿದ್ದರು. ಮಗ ಓಡಿಸುತ್ತಿದ್ದಾಗ ಹಿಡಿದ ಅಭ್ಯಾಸ ಅದು. ಮಗನನ್ನು ಕೊಂಡೊಯ್ದದ್ದು ರಸ್ತೆಯಲ್ಲ. ಹಾಗಾಗಿ ಆ ಪ್ರಾರ್ಥನೆ ಸುಳ್ಳಾಯಿತು ಅಂತ ಅವರಿಗೆ ಅನ್ನಿಸಿರಲಿಲ್ಲ. ಸೊಸೆಗೂ ಅದನ್ನೇ ಮುಂದುವರಿಸಿದ್ದರು.

ಈಚೆಗೆ ಟಿಣ್ ಅನ್ನುವುದು ಜಾಸ್ತಿಯಾಗಿತ್ತು. ಪಾಪ, ಹುಡುಗಿ ಹೊಸ ಗಿರಾಕಿಗಳನ್ನು ಹಿಡಿದು ಓಡಾಡುತ್ತಿದ್ದಾಳೆ ಅಂದುಕೊಂಡರು. ಒಂದು ಮಧ್ಯಾಹ್ನ ಅವಳು ಎದುರಿಗೇ ಕೂತು ಊಟ ಮಾಡುತ್ತಿದ್ದಾಗಲೂ ಫೋನು ಟಿಣ್ ಅಂದಿತು. ಯಜಮಾನರು ತುತ್ತು ನಿಲ್ಲಿಸಿ ಕಣ್ಣು ಮುಚ್ಚಿದರು. ಹಿಂದೆಲ್ಲ ಕಾಗದ ತಡವಾಗಿ ಬರುತ್ತಿರಲಿಲ್ಲವೇ, ಮೆಸೇಜೂ ಹಾಗೇ ಇರಬೇಕು ಅಂದುಕೊಂಡು ಮತ್ತೆ ತುತ್ತು ಕಲಸಿದರು.

"ಯಜಮಾನ್ರು ತೂಕಡಿಸ್ತಿದಾರೆ" ಅಂದಳು ಬಟ್ಟೆ ಮಡಿಸುವ ಇಸ್ತ್ರಿಯಮ್ಮ. ಅವಳಿಗೆ ದೊಡ್ಡವರು ಚಿಕ್ಕವರು ಅಂತ ಇರಲಿಲ್ಲ, ಎಲ್ಲರ ಕಾಲನ್ನೂ ಎಳೆಯುತ್ತಿದ್ದಳು.

"ತೂಕಡಿಕೆ ಅಲ್ಲ, ಪ್ರಾರ್ಥನೆ" ಅಂದಳು ಸೊಸೆ.

"ನಮಗೂ ಒಂದು ಟ್ಯಾಗ್ ಅಂಟಿಸ್ರಪ್ಪ. ದಿನಾ ಈ ರೋಲರ್ ಪಕ್ಕ ಬೇಯ್ತೀವಿ, ನಮ್ಮನ್ನ ಕಾಪಾಡೋರು ಯಾರು?"

ಯಜಮಾನರು ನಕ್ಕರು.

ಆ ದಿನ ಬೆಳಿಗ್ಗೆ ಅವರು ಚಹಾ ಲೋಟ ಹಿಡಿದು ಲಾಂಡ್ರಿಯ ಹೊಸ್ತಿಲಲ್ಲಿ ಕೂತಿದ್ದರು. ಗಾಡಿ ಹೋಗಿ ಆಗಲೇ ಹೊತ್ತಾಗಿತ್ತು. ಫೋನು ಬಂತು. ಮೆಸೇಜಲ್ಲ, ಸೊಸೆಯದೇ ಕರೆ.

"ಮಾವ, ಟ್ಯಾಗಿಗೆ ದುಡ್ಡು ಹಾಕಿದ್ರಾ?"

"ನಿನ್ನೆ ಮಧ್ಯಾಹ್ನಾನೇ ಹಾಕಿದೀನಲ್ಲಮ್ಮ. ಯಾಕೆ?"

"ಗೇಟು ತೆಗೀತಿಲ್ಲ. ಬ್ಯಾಲೆನ್ಸ್ ಕಡಿಮೆ, ಟ್ಯಾಗ್ ಬ್ಲಾಕ್ ಆಗಿದೆ ಅಂತಿದಾರೆ. ನಗದು ಕೊಡೋದಾದ್ರೆ ಎರಡು ಪಟ್ಟು ಕೊಡ್ಬೇಕಂತೆ." ಹಿಂದೆ ಹಾರ್ನುಗಳ ಗದ್ದಲ. ಯಾರೋ "ಅಕ್ಕ, ಗಾಡಿ ಸೈಡಿಗೆ ಹಾಕಿ" ಅನ್ನುತ್ತಿದ್ದುದು ಕೇಳಿಸಿತು.

ಯಜಮಾನರಿಗೆ ಮೈ ಉರಿಯಿತು. ತಮ್ಮ ಪಾಲಿಗೆ ಉಳಿದ ಒಂದು ಕೆಲಸವನ್ನು ತಾವು ಸರಿಯಾಗಿ ಮಾಡಿದ್ದರು. ಅದನ್ನು ಮಾಡಿಲ್ಲ ಅಂತ ದಾರಿಯಲ್ಲಿ ನಿಂತ ಯಾವನೋ ಹೇಳುತ್ತಾನಲ್ಲ.

"ಕೊಡಬೇಡ" ಅಂದರು. "ಹಾಕಿದ ದುಡ್ಡು ನುಂಗಿ, ಮೇಲೆ ಎರಡು ಪಟ್ಟು ಬೇರೆ ಕೇಳ್ತಾನಾ? ಇರು, ಇನ್ನೊಂದ್ಸಲ ಹಾಕ್ತೀನಿ. ಸೈಡಿಗೆ ನಿಲ್ಸಿಕೋ."

"ಮಾವ, ಹೊತ್ತಾಗುತ್ತೆ..."

"ಎಷ್ಟು ಹೊತ್ತಮ್ಮ? ಈಗ ಹಾಕ್ತೀನಿ, ಈಗ ತೆಗೀತಾನೆ."

ಕನ್ನಡಕ ಹುಡುಕಿ, ಮಗ ಹೇಳಿಕೊಟ್ಟಿದ್ದ ಹಾಗೆ ಬೆರಳಿನಿಂದ ಒಂದೊಂದಾಗಿ ಒತ್ತಿ ದುಡ್ಡು ಹಾಕಿದರು. ಹೋಯಿತು ಅಂತ ಹಸಿರು ಗುರುತು ಬಂತು. ಆದರೆ ಗೇಟು ತೆಗೆಯಲಿಲ್ಲ. ಬ್ಯಾಂಕಿಗೆ ಬಂದ ದುಡ್ಡಿನ ಸುದ್ದಿ ಗೇಟಿಗೆ ಮುಟ್ಟಲು ಸಮಯ ಬೇಕು, ಬ್ಲಾಕ್ ಆದ ಟ್ಯಾಗುಗಳ ಪಟ್ಟಿ ಹೊಸದಾಗಿ ಬರುವ ತನಕ ನಮ್ಮ ಮೆಷಿನ್ನಿಗೆ ಏನೂ ಗೊತ್ತಾಗಲ್ಲ ಅಂತ ಗೇಟಿನವನು ಹೇಳಿದನಂತೆ. ಸೊಸೆ ಮತ್ತೆ ಫೋನು ಮಾಡಿದಳು. ಯಜಮಾನರು ಮತ್ತೆ "ಇನ್ನು ಸ್ವಲ್ಪ ನಿಲ್ಲು" ಅಂದರು. ಮೂರನೇ ಸಲ ಅವಳು ಫೋನು ಮಾಡಲಿಲ್ಲ. ಎರಡು ಪಟ್ಟು ಕೊಟ್ಟು ಗೇಟು ದಾಟಿದ್ದಳು.

ಅವಳು ವಾಪಸು ಬಂದಾಗ ಮುಖ ನೋಡಿಯೇ ಯಜಮಾನರಿಗೆ ಅರ್ಥವಾಯಿತು. ಗಾಡಿಯಿಂದ ಇಳಿದು, ಕೊಳಕು ಬಟ್ಟೆಯ ಗಂಟುಗಳನ್ನು ತಾನೇ ಎಳೆದು ಹಾಕಿ, ಕೈ ತೊಳೆದು ಬಂದು ಹೊಸ್ತಿಲಲ್ಲಿ ಅವರ ಪಕ್ಕ ಕೂತಳು.

"ಏನಂದ್ರು?"

"ಥಿಯೇಟರಲ್ಲಿ ರೋಗೀನ ಮಲಗಿಸಿ ಕಾಯ್ತಿದ್ರಂತೆ. ಬೇರೆ ವಾರ್ಡಿಂದ ಬಟ್ಟೆ ತಂದು ಸುಧಾರಿಸಿದ್ರು. ಇನ್ನೊಂದ್ಸಲ ಹೀಗಾದ್ರೆ ಬೇರೆ ಲಾಂಡ್ರಿಗೆ ಕೊಡ್ತೀವಿ ಅಂದ್ರು ಆ ಮೇಲ್ವಿಚಾರಕಿಯಮ್ಮ. ಬೈಯಲಿಲ್ಲ. ಬೈದಿದ್ರೆ ವಾಸಿ ಇತ್ತು."

"ನಾನು ದುಡ್ಡು ಹಾಕಿದ್ದೆ ಕಣಮ್ಮ."

"ಗೊತ್ತು ಮಾವ. ಪರವಾಗಿಲ್ಲ ಬಿಡಿ."

ಆ "ಪರವಾಗಿಲ್ಲ" ಅವರಿಗೆ ಚುಚ್ಚಿತು. ಮಕ್ಕಳು ನೀರು ಚೆಲ್ಲಿದಾಗ ಹೇಳುವ ಮಾತು ಅದು. ನಾಳೆಯಿಂದ ಟ್ಯಾಗನ್ನೂ ಅವಳೇ ನೋಡಿಕೊಳ್ಳುತ್ತಾಳೆ, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ ಅನ್ನಿಸಿತು. ಆ ಯೋಚನೆಗಿಂತ ದೊಡ್ಡದಾಗಿ ಇನ್ನೊಂದಿತ್ತು: ನಾಳೆ ಬೆಳಿಗ್ಗೆ ಮತ್ತೆ ಗೇಟು ತೆಗೆಯದಿದ್ದರೆ? ಆಸ್ಪತ್ರೆ ಕೈತಪ್ಪಿದರೆ ಇಸ್ತ್ರಿಯಮ್ಮನಿಗೂ ಕೆಲಸವಿಲ್ಲ, ಈ ಹುಡುಗಿಗೂ ಇಲ್ಲ.

"ಎರಡೆರಡು ಸಲ ಕತ್ತರಿಸ್ತಿದಾರೆ ಅವರು" ಅಂದರು. "ನನಗೆ ಅನುಮಾನ ಇತ್ತು. ವಾರಕ್ಕೆ ಬರೋ ದುಡ್ಡು ಎರಡು ದಿನಕ್ಕೆ ಹೋಗುತ್ತೆ. ನಡಿ, ಕೇಳೋಣ."

ಮಧ್ಯಾಹ್ನ ಸೊಸೆ ಮತ್ತೆ ಆಚೆ ಹೋಗಬೇಕಿತ್ತು. ಯಜಮಾನರು ಒಗೆದ ಅಂಗಿ ಹಾಕಿಕೊಂಡು ಬಂದು ಗಾಡಿಯ ಎಡಗಡೆ ಬಾಗಿಲು ತೆಗೆದರು. ಮಗ ಹೋದ ಮೇಲೆ ಅವರು ಆ ಗಾಡಿ ಹತ್ತಿರಲಿಲ್ಲ. ಬಾಗಿಲಿನ ಜೇಬಿನಲ್ಲಿ ಅವನ ಕೈಯೊರೆಸುವ ಬಟ್ಟೆ ಇನ್ನೂ ಇತ್ತು. ಸೊಸೆ ಅದನ್ನು ಒಗೆದಿದ್ದಳು, ಮಡಿಸಿದ್ದಳು, ಅಲ್ಲೇ ಇಟ್ಟಿದ್ದಳು. ಯಜಮಾನರು ನೋಡಿದರು, ಮುಟ್ಟಲಿಲ್ಲ. ಅವಳು ಗೇರು ಹಾಕಿದಳು. ಅವಳು ಇಷ್ಟು ಚೆನ್ನಾಗಿ ಓಡಿಸುತ್ತಾಳೆ ಅಂತ ಅವರಿಗೆ ಗೊತ್ತಿರಲಿಲ್ಲ. ಹಳ್ಳ ಬಂದಾಗ ಹಿಂದಿನ ಗಂಟು ಅಲುಗದ ಹಾಗೆ ನಿಧಾನಿಸುತ್ತಿದ್ದಳು.

ಟೋಲಿನ ಆಫೀಸು ಗೇಟಿನ ಪಕ್ಕದ ಸಣ್ಣ ಕಟ್ಟಡ. ಒಳಗೆ ಎರಡು ಮೇಜು, ಗೋಡೆಯ ಮೇಲೆ ಗೇಟುಗಳನ್ನು ತೋರಿಸುವ ಟೀವಿ, ಲಾರಿ ಹೋದಾಗಲೆಲ್ಲ ನಡುಗುವ ಕಿಟಕಿ ಗಾಜು. ಪಾಳಿಯ ಮೇಲ್ವಿಚಾರಕ ಊಟದ ಡಬ್ಬಿ ಮುಚ್ಚುತ್ತಿದ್ದ. ಜಗಳಕ್ಕೆ ಬಂದವರನ್ನು ದಿನಾ ನೋಡುವವನ ಮುಖ ಅವನದು. ಕುರ್ಚಿ ತೋರಿಸಿ, ಅವರ ದೂರು ಕೇಳಿಸಿಕೊಂಡ.

"ಎರಡು ಸಲ ಕಟ್ ಆಗಿದೆ ಅಂತೀರಾ?"

"ಎರಡು ಸಲ ಅಲ್ಲ, ಮೂರು ಮೂರು ಸಲ" ಅಂದರು ಯಜಮಾನರು. "ದಿನಾ."

ಅವನು ಗಾಡಿ ನಂಬರ್ ಕೇಳಿಕೊಂಡು ಕಂಪ್ಯೂಟರಿನಲ್ಲಿ ನೋಡಿದ. "ನಮ್ಮ ಗೇಟಲ್ಲಿ ಹೋಗೋದು ಒಂದು, ಬರೋದು ಒಂದು. ಅಷ್ಟೇ ಇದೆ ಯಜಮಾನ್ರೇ. ಇವತ್ತು ಬೆಳಿಗ್ಗೆ ನಗದು. ನನಗೆ ನಮ್ಮ ಗೇಟಿಂದು ಮಾತ್ರ ಕಾಣುತ್ತೆ, ನಿಮ್ಮ ಖಾತೆ ಬ್ಯಾಂಕಲ್ಲಿರುತ್ತೆ. ನಿಮ್ಮ ಫೋನಿಗೆ ಮೆಸೇಜ್ ಬಂದಿರಬೇಕಲ್ಲ, ತೋರಿಸಿ."

ಯಜಮಾನರು ಫೋನು ಕೊಟ್ಟರು. ಅವನು ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋದ. ನಿಂತ. ಮತ್ತೆ ಸರಿಸಿದ.

"ಇದರಲ್ಲಿ ಎರಡು ಗಾಡಿ ಇದೆ."

"ನಮ್ಮ ಹತ್ತಿರ ಇರೋದು ಒಂದೇ ಗಾಡಿ."

"ನಂಬರ್ ನೋಡಿ. ಇದು ನೀವು ಹೇಳಿದ್ದು. ಇದು ಬೇರೆ. ಈ ಗೇಟು ಇಲ್ಲಿಂದ ಎಷ್ಟು ದೂರ ಗೊತ್ತಾ? ನಿನ್ನೆ ರಾತ್ರಿ ಅಲ್ಲಿಂದ ಸಾಲಾಗಿ ನಾಲ್ಕು ಗೇಟು ದಾಟಿದೆ."

ಸೊಸೆ ಬಗ್ಗಿ ನೋಡಿದಳು. ಅವಳ ಕೈ ಮೇಜಿನ ಅಂಚನ್ನು ಹಿಡಿಯಿತು.

"ಮಾವ, ಇದು ನಮ್ಮ ಹಳೇ ಗಾಡಿ."

ಹಳೇ ಗಾಡಿಯನ್ನು ಮಾರಿ ಒಂದೂವರೆ ವರ್ಷವಾಗಿತ್ತು. ಹೊಸದು ಬಂದಾಗ ಮಗ ಅದನ್ನು ಗಿಡ ಮಾರುವ ನರ್ಸರಿಯವನಿಗೆ ಕೊಟ್ಟಿದ್ದ. ಕಾಗದ ಪತ್ರ ಎಲ್ಲ ಅವನ ಹೆಸರಿಗೆ ಮಾಡಿಸಿಕೊಟ್ಟಿದ್ದ. ಗಾಜಿನ ಮೇಲಿನ ಟ್ಯಾಗು ಮಾತ್ರ ಅಲ್ಲೇ ಉಳಿದಿತ್ತು. ಅದರ ಖಾತೆ ಮುಚ್ಚಿಸಬೇಕು ಅಂತ ಮಗ ಹೇಳುತ್ತಿದ್ದದ್ದು ಸೊಸೆಗೆ ನೆನಪಿತ್ತು. ಅವನಿಗೆ ಹೇಳಲು ದಿನಗಳಿದ್ದವು, ಮಾಡಲು ಇರಲಿಲ್ಲ.

"ಎರಡೂ ಟ್ಯಾಗು ಒಂದೇ ಖಾತೆ" ಅಂದ ಮೇಲ್ವಿಚಾರಕ. "ಅಂದ್ರೆ ಎರಡು ಗಾಡಿಗೂ ಒಂದೇ ಜೇಬು. ನೀವು ತುಂಬ್ತೀರಿ, ಅವನು ಖಾಲಿ ಮಾಡ್ತಾನೆ. ಬ್ಯಾಲೆನ್ಸ್ ಇಷ್ಟಕ್ಕಿಂತ ಕೆಳಗೆ ಬಿತ್ತು ಅಂದ್ರೆ ಬ್ಯಾಂಕಿನೋರು ಎರಡನ್ನೂ ಪಟ್ಟಿಗೆ ಹಾಕ್ತಾರೆ. ನೀವು ಬೆಳಿಗ್ಗೆ ಹಾಕಿದ ದುಡ್ಡು ಖಾತೆಗೆ ಸೇರಿದೆ, ಈಗ ನಿಮ್ಮ ಟ್ಯಾಗು ಪಟ್ಟಿಯಲ್ಲಿಲ್ಲ. ಈಗ ಬಂದಾಗ ಗೇಟು ತೆಗೀತಲ್ಲ?"

ತೆಗೆದಿತ್ತು. ಕೋಪದ ಭರದಲ್ಲಿ ಯಜಮಾನರು ಅದನ್ನು ಗಮನಿಸಿರಲಿಲ್ಲ.

ಅವರು ಮೇಜಿನ ಮೇಲಿದ್ದ ಫೋನನ್ನು ನೋಡುತ್ತಾ ಕೂತರು. ಮೋಸ ಮಾಡಿದವರು ಯಾರೂ ಇರಲಿಲ್ಲ. ಪ್ರತಿ ಮೆಸೇಜಿನಲ್ಲೂ ಗಾಡಿಯ ನಂಬರು ಇತ್ತು. ಒಂದು ಸಲ, ಒಂದೇ ಒಂದು ಸಲ ಕಣ್ಣು ತೆರೆದು ಓದಿದ್ದರೆ ಸಾಕಿತ್ತು. ಟಿಣ್ ಅಂದಾಗಲೆಲ್ಲ ಅವರು ಕಣ್ಣು ಮುಚ್ಚಿದ್ದರು.

"ನಾನು ಓದಲಿಲ್ಲಮ್ಮ" ಅಂದರು ಸೊಸೆಗೆ. "ಪ್ರಾರ್ಥನೆ ಮಾಡಿ ಫೋನು ಇಡ್ತಿದ್ದೆ."

ಸೊಸೆ ಅವರನ್ನು ನೋಡಿದಳು. ಏನು ಹೇಳುತ್ತಾಳೋ ಅಂತ ಅವರು ತಲೆ ತಗ್ಗಿಸಿದರು. ಅವಳ ತುಟಿಯ ಮೂಲೆಯಲ್ಲಿ ಏನೋ ಸಡಿಲವಾಯಿತು.

"ಹಾಗಾದ್ರೆ ಮಾವ, ಇಷ್ಟು ದಿನದ ಪ್ರಾರ್ಥನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಗುಲಾಬಿ ಗಿಡಕ್ಕೆ ಹೋಯ್ತು."

ಮೇಲ್ವಿಚಾರಕ ನಗು ತಡೆಯಲು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದ. ಯಜಮಾನರೂ ಅರ್ಧ ನಕ್ಕರು.

"ಈಗೇನು ಮಾಡ್ಬೇಕು?" ಅಂತ ಸೊಸೆ ಕೇಳಿದಳು.

"ಬ್ಯಾಂಕಿನ ನಂಬರಿಗೆ ಫೋನ್ ಮಾಡಿ, ಆ ಗಾಡೀದು ಮುಚ್ಚಿಸಿ. ಇಲ್ಲೇ ಕೂತು ಮಾಡಿ, ಪರವಾಗಿಲ್ಲ."

ಬ್ಯಾಂಕಿನ ಹೆಣ್ಣುಮಗಳ ದನಿ ತುಂಬ ಮರ್ಯಾದೆಯದು. ಯಜಮಾನರ ಹೆಸರು, ಹುಟ್ಟಿದ ದಿನ, ಗಾಡಿಯ ನಂಬರು ಎಲ್ಲ ಕೇಳಿಕೊಂಡಳು. ಎಲ್ಲರಿಗೂ ಕೇಳಲಿ ಅಂತ ಸೊಸೆ ಸ್ಪೀಕರ್ ಹಾಕಿದ್ದಳು.

"ಟ್ಯಾಗ್ ಮುಚ್ಚಲು ಕಾರಣ ಏನು ಸರ್? ಗಾಡಿ ಮಾರಿದ್ದೀರಾ, ಅಥವಾ ಟ್ಯಾಗ್ ಕಳೆದುಹೋಗಿದೆಯಾ?"

"ಎರಡಕ್ಕೂ ಏನು ವ್ಯತ್ಯಾಸ ತಾಯಿ?"

"ಕಳೆದುಹೋಗಿದ್ರೆ ಈಗಲೇ ಬ್ಲಾಕ್ ಮಾಡ್ತೀನಿ ಸರ್. ಮಾರಿದ್ರೆ ಮುಚ್ಚೋ ಕೋರಿಕೆ ದಾಖಲು ಮಾಡ್ಕೋತೀನಿ, ಅದು ಪೂರ್ತಿ ಆಗೋಕೆ ಎರಡು ಮೂರು ದಿನ ಆಗಬಹುದು. ಅಲ್ಲೀತನಕ ಆ ಟ್ಯಾಗ್ ಗಾಜಿನ ಮೇಲಿದ್ರೆ ದುಡ್ಡು ಕಡಿತ ಆಗ್ತಾನೇ ಇರುತ್ತೆ. ತೆಗೆಸಿಬಿಡಿ."

ಸೊಸೆ ಅವರ ಕಿವಿಯ ಹತ್ತಿರ ಬಂದಳು. "ಕಳೆದುಹೋಗಿದೆ ಅನ್ನಿ ಮಾವ."

ಯಜಮಾನರು ಬೇಡ ಅಂತ ತಲೆಯಾಡಿಸಿದರು.

"ಮಾವ, ನಾಳೆ ಬೆಳಿಗ್ಗೆ ಬಟ್ಟೆ ಮುಟ್ಟಬೇಕು. ಇವತ್ತೂ ಅವನು ನಾಲ್ಕು ಗೇಟು ದಾಟಿದ್ರೆ ನಾಳೆ ಅಲ್ಲಿ ನಿಲ್ಲೋಳು ನಾನು. ನೀವಲ್ಲ."

ಅವಳು ಹಾಗೆ ಎಂದೂ ಮಾತಾಡಿರಲಿಲ್ಲ. ಮಾತು ಸರಿಯಾಗಿಯೇ ಇತ್ತು. ಬೆಳಿಗ್ಗೆ ಬಿಸಿಲಲ್ಲಿ ನಿಲ್ಲಿಸಿದ್ದು ತಾವೇ. ಹಾರ್ನು ಕೇಳಿದ್ದು ಅವಳು.

"ಕಳೆದುಹೋಗಿಲ್ಲವಲ್ಲಮ್ಮ" ಅಂದರು ಮೆಲ್ಲಗೆ. "ನಮ್ಮವನೇ ಮಾರಿದ್ದು. ಅವನು ಈಗ ಎಲ್ಲೋ ದಾರಿಯಲ್ಲಿದಾನೆ, ಹಿಂದೆ ಗಿಡ ತುಂಬಿಕೊಂಡು. ಕಳೆದುಹೋಯ್ತು ಅಂದ್ರೆ ಬೆಳಿಗ್ಗೆ ನಿನ್ನ ನಿಲ್ಲಿಸಿದ ಹಾಗೆ ಅವನನ್ನೂ ನಿಲ್ಲಿಸ್ತಾರೆ. ಯಾಕೆ ಅಂತ ಅವನಿಗೆ ತಿಳಿಯೋದೂ ಇಲ್ಲ."

"ಅವನು ನಮ್ಮ ದುಡ್ಡಲ್ಲಿ ಓಡಾಡಿದಾನೆ ಮಾವ."

"ಬೇಕು ಅಂತ ಮಾಡಿದಾನೋ ಇಲ್ಲವೋ ಕೇಳೋಣ. ಕೇಳದೆ ಸುಳ್ಳು ಹೇಳೋದು ನನ್ನಿಂದ ಆಗಲ್ಲ."

"ಸರ್?" ಅಂದಿತು ಫೋನಿನ ದನಿ.

"ಮಾರಿದ್ದು ತಾಯಿ. ಮಾರಿದೀವಿ" ಅಂದರು ಯಜಮಾನರು.

ಸೊಸೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಕೋರಿಕೆ ದಾಖಲಾಯಿತು ಅಂತ ಮೆಸೇಜು ಬಂತು. ಈ ಸಲ ಯಜಮಾನರು ಕನ್ನಡಕ ಸರಿಮಾಡಿಕೊಂಡು ಅದನ್ನು ಕೊನೆಯ ತನಕ ಓದಿದರು.

ನರ್ಸರಿಯವನ ನಂಬರು ಸೊಸೆಯ ಫೋನಿನಲ್ಲಿತ್ತು. ಅವಳು ನಂಬರು ಒತ್ತಿ ಅವರ ಕೈಗೆ ಕೊಟ್ಟಳು. ಗಂಟೆ ಹೊಡೆದು ಹೊಡೆದು ನಿಂತಿತು. ಎತ್ತಲಿಲ್ಲ. ಮತ್ತೊಂದು ಸಲ. ಎತ್ತಲಿಲ್ಲ.

"ಓಡಿಸ್ತಿರಬೇಕು" ಅಂದರು.

"ಹೌದು. ಮುಂದಿನ ಗೇಟಿನ ಕಡೆಗೆ" ಅಂದಳು ಸೊಸೆ.

ಆಫೀಸಿನಲ್ಲಿ ಇನ್ನು ಕೂರುವುದಕ್ಕೆ ಕೆಲಸವಿರಲಿಲ್ಲ. ಹೊರಗೆ ಬಂದು ಗಾಡಿಯ ನೆರಳಿನಲ್ಲಿ ನಿಂತರು. ಗೇಟುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಯಜಮಾನರಿಗೆ ತಾವು ಮಾಡಿದ್ದು ಸರಿಯೇ ಅನ್ನುವುದು ಈಗ ಅಷ್ಟು ಖಚಿತವಾಗಿರಲಿಲ್ಲ. ಸತ್ಯ ಹೇಳಿದ್ದು ತಾವು, ಅದಕ್ಕೆ ಬೆಲೆ ತೆರಬೇಕಾದವಳು ಪಕ್ಕದಲ್ಲಿ ನಿಂತವಳು. ದೇವರಿಗೆ ಹತ್ತಿರವಾಗುವ ಆಸೆಯಲ್ಲಿ ಮನೆಯವರ ಮೇಲೆ ಭಾರ ಹಾಕುವ ಮುದುಕರನ್ನು ಅವರು ಕಂಡಿದ್ದರು. ನಾನೂ ಆ ಸಾಲಿಗೆ ಸೇರಿದೆನೇ ಅಂತ ಯೋಚಿಸುತ್ತಾ ನಿಂತಿದ್ದಾಗ ಸೊಸೆಯ ಫೋನು ಬಡಿದುಕೊಂಡಿತು. ಅವಳು ಸ್ಪೀಕರ್ ಹಾಕಿದಳು.

"ಅತ್ತಿಗೆ, ಫೋನ್ ಮಾಡಿದ್ರಾ? ಗಾಡಿ ಓಡಿಸ್ತಿದ್ದೆ, ಈಗ ಚಹಾಕ್ಕೆ ನಿಲ್ಸಿದೆ. ಅಣ್ಣ ಹೇಗಿದಾರೆ?"

ಸೊಸೆ ಮಾವನ ಮುಖ ನೋಡಿದಳು. ಇಬ್ಬರಿಗೂ ಒಂದೇ ಸಲ ಹೊಳೆಯಿತು, ಅವನಿಗೆ ಗೊತ್ತಿಲ್ಲ. ಯಜಮಾನರು ಫೋನು ತೆಗೆದುಕೊಂಡರು.

"ನಾನಪ್ಪ, ಅವನ ತಂದೆ."

"ಓ, ಯಜಮಾನ್ರೇ, ನಮಸ್ಕಾರ. ಅಣ್ಣಂಗೆ ಹೇಳಿ, ಅವರ ಗಾಡಿ ಲಾರಿ ಥರ ದುಡೀತಿದೆ. ಹೋದ ತಿಂಗಳಿಂದ ದೊಡ್ಡ ಪಾರ್ಕಿಗೆ ಗಿಡ ಸಾಗಿಸ್ತಿದೀನಿ, ಇಷ್ಟು ದಿನ ಊರು ಬಿಟ್ಟು ಆಚೆ ಹೋದೋನೇ ಅಲ್ಲ. ಒಂದು ದಿನ ಕೈ ಕೊಟ್ಟಿಲ್ಲ. ಅಣ್ಣನ ಟ್ಯಾಗೂ ಹಾಗೇ ಬಿಡಿ."

"ಟ್ಯಾಗು ಅಂದ್ಯಲ್ಲ, ಅದರ ವಿಷಯಕ್ಕೇ ಫೋನು ಮಾಡಿದ್ದು."

"ಗಾಡಿ ಕೊಡುವಾಗ ಅಣ್ಣ ಹೇಳಿದ್ರು, ಅದರಲ್ಲಿ ಸ್ವಲ್ಪ ದುಡ್ಡಿದೆ, ಮುಗಿಯೋ ತನಕ ಓಡಿಸು, ಆಮೇಲೆ ನಿಂದು ಮಾಡಿಸ್ಕೋ ಅಂತ. ಸ್ಟೆಪ್ನಿ ಕೊಟ್ರು, ಜಾಕ್ ಕೊಟ್ರು, ಇದನ್ನೂ ಕೊಟ್ರು. ಇವತ್ತು ಮುಗಿಯುತ್ತೆ, ನಾಳೆ ಮುಗಿಯುತ್ತೆ ಅಂತ ನಾನೂ ನೋಡ್ತಾನೇ ಇದೀನಿ. ಮುಗೀಲೇ ಇಲ್ಲ ಯಜಮಾನ್ರೇ. ಗೇಟು ಬಂದಾಗೆಲ್ಲ ತೆಗೆಯುತ್ತೆ. ಪುಣ್ಯಾತ್ಮ ಎಷ್ಟು ಹಾಕಿಟ್ಟಿದ್ರೋ ಅಂತ ನನ್ನ ಹೆಂಡತಿ ಹತ್ರ ದಿನಾ ಹೇಳ್ತೀನಿ."

ಒಂದು ಟ್ಯಾಂಕರು ಹೋಯಿತು. ಅದರ ಸದ್ದು ಅಡಗಿದ ಮೇಲೆ ಯಜಮಾನರು ಹೇಳಿದರು.

"ಅದು ಮುಗಿದು ಬಹಳ ದಿನ ಆಯ್ತಪ್ಪ. ಆಮೇಲಿಂದ ಅದಕ್ಕೆ ದುಡ್ಡು ಹಾಕ್ತಿದ್ದೋನು ನಾನು, ಗೊತ್ತಿಲ್ಲದೆ. ಖಾತೆ ಒಂದೇ. ಇನ್ನೊಂದು ವಿಷಯ. ಅವನಿಲ್ಲ. ಹೋದ ವರ್ಷ ಜ್ವರದಲ್ಲಿ ಹೋಗಿಬಿಟ್ಟ."

ಆ ಕಡೆ ಯಾರೋ ಲೋಟ ತೊಳೆಯುವ ಸದ್ದು ಕೇಳಿಸಿತು.

"ಇರಿ" ಅಂದ ಅವನು. ದನಿ ಬೇರೆಯೇ ಆಗಿತ್ತು. "ನಾನು ಅವರಿಗೆ ಫೋನ್ ಮಾಡ್ಬೇಕು ಅಂತ... ಎರಡು ಸಲ ಮಾಡಿದ್ದೆ, ಸ್ವಿಚ್ ಆಫ್ ಬಂತು. ನಂಬರ್ ಬದಲಾಯಿಸಿರಬೇಕು ಅಂದ್ಕೊಂಡೆ."

"ಇರಲಿ ಬಿಡು."

"ಇಲ್ಲ ಯಜಮಾನ್ರೇ. ಅವರಿಲ್ಲ ಅನ್ನೋದು ಗೊತ್ತಿಲ್ಲದೆ, ಅವರ ಮನೆ ದುಡ್ಡಲ್ಲಿ ನಾನು..."

ಸೊಸೆ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಣ್ಣ, ಬೇರೆ ಎಲ್ಲಾ ಆಮೇಲೆ ಮಾತಾಡೋಣ. ಮುಂದೆ ಗೇಟು ಇದೆಯಾ?"

"ಕಣ್ಣಿಗೆ ಕಾಣ್ತಿದೆ ಅತ್ತಿಗೆ. ಅದಾದ್ಮೇಲೆ ಇನ್ನೂ ಮೂರು."

"ಆ ಟ್ಯಾಗಲ್ಲಿ ದಾಟಬೇಡಿ. ನಾಳೆ ಬೆಳಿಗ್ಗೆ ನಾನು ಆಸ್ಪತ್ರೆಗೆ ಬಟ್ಟೆ ಮುಟ್ಟಿಸ್ಬೇಕು. ಬ್ಯಾಲೆನ್ಸ್ ಇಳಿದ್ರೆ ನನ್ನ ಗಾಡಿ ನಿಲ್ಲಿಸ್ತಾರೆ. ಇವತ್ತು ಒಂದು ಸಲ ನಿಲ್ಲಿಸಿದಾರೆ. ಇನ್ನೊಂದ್ಸಲ ಆದ್ರೆ ನಮ್ಮ ಕೆಲಸ ಹೋಗುತ್ತೆ."

"ಈಗಲೇ ಕಿತ್ತು ಹಾಕ್ತೀನಿ. ಮುಂದಿನ ಗೇಟುಗಳಲ್ಲೆಲ್ಲ ನಗದು ಕೊಟ್ಟು ಹೋಗ್ತೀನಿ."

"ಎರಡು ಪಟ್ಟು ಕೇಳ್ತಾರೆ."

"ಕೇಳಲಿ ಅತ್ತಿಗೆ. ಇಷ್ಟು ದಿನ ನಾನು ಒಂದು ಪಟ್ಟೂ ಕೊಟ್ಟಿಲ್ಲವಲ್ಲ."

ಫೋನು ಇಟ್ಟ ಮೇಲೆ ಇಬ್ಬರೂ ಗಾಡಿ ಹತ್ತಿದರು. ಸೊಸೆ ಬೀಗದ ಕೈ ತಿರುಗಿಸದೆ ಕೂತಳು.

"ಕಳೆದುಹೋಗಿದೆ ಅಂದಿದ್ರೆ ಅವನನ್ನ ಆ ಗೇಟಲ್ಲಿ ನಿಲ್ಲಿಸಿರ್ತಿದ್ರು" ಅಂದಳು. "ನಮ್ಮೋರು ಕೊಟ್ಟ ಮಾತಿನ ಮೇಲೆ ಅವನು ಓಡಿಸ್ತಿದ್ದ."

"ನೀನು ಹೇಳಿದ್ದೂ ತಪ್ಪಲ್ಲಮ್ಮ. ನಿಲ್ಲೋಳು ನೀನೇ."

"ಅವನು ಕಿತ್ತು ಹಾಕ್ತಾನಾ ಮಾವ? ನಿಜವಾಗ್ಲೂ?"

"ಗೊತ್ತಿಲ್ಲ" ಅಂದರು ಯಜಮಾನರು. "ಹಾಕ್ತಾನೆ ಅಂದ್ಕೊಂಡಿದೀನಿ."

ಆಚೆಯ ಕೆಲಸ ಮುಗಿಸಿ ಲಾಂಡ್ರಿಗೆ ಬಂದ ಮೇಲೆ ಯಜಮಾನರು ಫೋನನ್ನು ಅವಳ ಮುಂದೆ ಇಟ್ಟರು. ಮೆಸೇಜು ಇನ್ನು ಮುಂದೆ ಅವಳ ನಂಬರಿಗೇ ಬರಲಿ, ನಂಬರು ಬದಲಾಯಿಸೋಣ ಅಂದರು. ತಮ್ಮ ಬಾಯಿಂದಲೇ ಅದನ್ನು ಹೇಳಿಬಿಡುವುದು ಮೇಲು ಅಂತ ದಾರಿಯುದ್ದಕ್ಕೂ ಯೋಚಿಸಿದ್ದರು. ಸೊಸೆ ಫೋನನ್ನು ನೋಡಿದಳು, ರೋಲರಿಗೆ ಚಾದರ ಕೊಡುತ್ತಿದ್ದ ಇಸ್ತ್ರಿಯಮ್ಮನನ್ನು ನೋಡಿದಳು.

"ಗಾಡಿ ಓಡಿಸ್ತಾ ನಾನು ಮೆಸೇಜ್ ಹೇಗೆ ಓದಲಿ? ನಿಮ್ಮ ಹತ್ರಾನೇ ಇರಲಿ. ಆದ್ರೆ ಮೊದಲು ಓದಿ, ಆಮೇಲೆ ಕಣ್ಣು ಮುಚ್ಚಿ."

"ಎರಡೂ ಒಟ್ಟಿಗೆ ಮಾಡೋಕೆ ಬರಲ್ಲ ನೋಡಿ ಯಜಮಾನ್ರಿಗೆ" ಅಂದಳು ಇಸ್ತ್ರಿಯಮ್ಮ.

ಆ ಸಂಜೆ ಯಜಮಾನರು ಫೋನನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತರು. ಟಿಣ್ ಅನ್ನಬಾರದು ಅಂತ ಕಾಯುತ್ತಾ ಕೂತದ್ದು ಅವರ ಜೀವನದಲ್ಲಿ ಅದೇ ಮೊದಲು. ಊಟ ಆಯಿತು. ದೀಪ ಆರಿಸಿದರು. ಫೋನು ಸುಮ್ಮನೇ ಇತ್ತು.

ಬೆಳಿಗ್ಗೆ ಅವರೂ ಹೊರಟರು. ಒಂದು ವೇಳೆ ನಿಲ್ಲಿಸಿದರೆ ಕೂಡಲೇ ಕೊಡಲು ಅಂಗಿಯ ಜೇಬಿನಲ್ಲಿ ನಗದು ಇತ್ತು. ಗೇಟಿನ ಮುಂದೆ ಸೊಸೆ ವೇಗ ತಗ್ಗಿಸಿದಳು. ಮುಂದಿನ ಕಾರು ಹೋಯಿತು, ಗೇಟು ಇಳಿಯಿತು. ಅವಳ ಬೆರಳುಗಳು ಸ್ಟೇರಿಂಗಿನ ಮೇಲೆ ಬಿಗಿಯಾಗಿದ್ದವು. ಯಜಮಾನರು ಕಣ್ಣು ತೆರೆದೇ ಇದ್ದರು. ಗೇಟು ಎದ್ದಿತು.

ಆಸ್ಪತ್ರೆಯ ಹಿಂಬಾಗಿಲಲ್ಲಿ ಮೇಲ್ವಿಚಾರಕಿ ಗಂಟುಗಳನ್ನು ಎಣಿಸಿ, ಒಂದನ್ನು ಬಿಚ್ಚಿ ಮೂಸಿ ನೋಡಿ, ಸಹಿ ಹಾಕಿದಳು. ನಿನ್ನೆ ಏನಾಗಿತ್ತು ಅಂತ ಸೊಸೆ ಹೇಳಲು ಹೊರಟಾಗ ಕೈ ಅಡ್ಡ ಮಾಡಿದಳು. "ಗೇಟಿನ ಕಥೆ ನನಗೆ ಬೇಡಮ್ಮ. ನನಗೆ ಬಟ್ಟೆ ಬೇಕು, ಬಂತು." ಆಮೇಲೆ ಹೋಗುತ್ತಾ ತಿರುಗಿ ನಿಂತಳು. "ಮುಂದಿನ ವಾರದಿಂದ ಮಕ್ಕಳ ವಾರ್ಡಿಂದೂ ಕೊಡ್ತೀನಿ. ಆಗುತ್ತಾ?"

"ಆಗುತ್ತೆ" ಅಂದಳು ಸೊಸೆ, ಮಾವನನ್ನು ಕೇಳದೆ.

ಮಧ್ಯಾಹ್ನ ಇಬ್ಬರೂ ಲಾಂಡ್ರಿಯಲ್ಲಿದ್ದಾಗ ಬೀದಿಯ ತುದಿಯಿಂದ ಒಂದು ಎಂಜಿನ್ನಿನ ಸದ್ದು ಬಂತು. ತಿರುವಿನಲ್ಲಿ ಗೇರು ಇಳಿಸಿದಾಗ ಒಮ್ಮೆ ಕೆಮ್ಮಿ ಮುಂದೆ ಬರುವ ಸದ್ದು. ಇಸ್ತ್ರಿಯಮ್ಮನ ಕೈ ರೋಲರಿನ ಮೇಲೆ ನಿಂತಿತು. ಸೊಸೆ ಮಡಿಸುತ್ತಿದ್ದ ಚಾದರದ ಎರಡು ತುದಿ ಹಿಡಿದು ಹಾಗೇ ನಿಂತಳು. ವರ್ಷಗಟ್ಟಲೆ ಆ ಸದ್ದು ಬಂದಾಗ ಒಲೆಯ ಮೇಲೆ ನೀರು ಇಡುತ್ತಿದ್ದವಳು ಅವಳು. ಯಜಮಾನರಿಗೂ ಒಂದು ಕ್ಷಣ, ಒಂದೇ ಕ್ಷಣ, ಮಗ ಬಂದ ಅನ್ನಿಸಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗಾಡಿ ಬಾಗಿಲ ಮುಂದೆ ನಿಂತಿತು. ಒಬ್ಬ ತೆಳ್ಳಗಿನ ಮನುಷ್ಯ ಇಳಿದು, ಒಳಗೆ ಬರುವುದೋ ಬೇಡವೋ ಅಂತ ಚಪ್ಪಲಿಯನ್ನು ಅರ್ಧ ಬಿಟ್ಟು ನಿಂತ. ಅವನ ಹಿಂದೆ ಗಾಡಿಯ ಗಾಜಿನ ಮೇಲೆ ಟ್ಯಾಗು ಕಿತ್ತ ಜಾಗದಲ್ಲಿ ಅಂಟಿನ ಬಿಳಿ ಚೌಕ ಕಾಣುತ್ತಿತ್ತು.

"ಹೋಗಮ್ಮ" ಅಂದರು ಯಜಮಾನರು. "ದೂರದಿಂದ ಬಂದಿದಾನೆ."

ಸೊಸೆ ಚಾದರದ ತುದಿಗಳನ್ನು ಇಸ್ತ್ರಿಯಮ್ಮನ ಕೈಗೆ ಕೊಟ್ಟಳು. ಕಣ್ಣು ಒರೆಸಿಕೊಳ್ಳಲಿಲ್ಲ. ಒಳಗೆ ಹೋಗಿ, ಒಲೆ ಹಚ್ಚಿ, ನೀರು ಇಟ್ಟು, ಆಮೇಲೆ ಬಾಗಿಲಿಗೆ ಬಂದು "ಒಳಗೆ ಬನ್ನಿ ಅಣ್ಣ" ಅಂದಳು.